ನಾರ್ವೆಯ ಕರಾವಳಿ ಮತ್ತು ಒಪ್ಪದ ರೂಢಿ

ಕೇಳುಗರಿಗೆ ನಮಸ್ಕಾರ. ಅಂತಾರಾಷ್ಟ್ರೀಯ ನ್ಯಾಯಾಲಯವು ಯಾವ ಕಾನೂನಿನ ಆಧಾರದಲ್ಲಿ ತೀರ್ಪು ಕೊಡಬೇಕು ಎಂಬುದನ್ನು ಅದರ ಶಾಸನದ 38ನೆಯ ವಿಧಿ ಹೇಳುತ್ತದೆ. ಅಲ್ಲಿ ಮೊದಲು ಬರುವುದು ಒಪ್ಪಂದಗಳು, ನಂತರ ರೂಢಿ, ಆಮೇಲೆ ಕಾನೂನಿನ ಸಾಮಾನ್ಯ ತತ್ವಗಳು. ಹಿಂದಿನ ತೀರ್ಪುಗಳೂ ವಿದ್ವಾಂಸರ ಬರಹಗಳೂ ಪೂರಕ ಮಾತ್ರ. ಒಪ್ಪಂದಕ್ಕೆ ಸಹಿ ಇರುತ್ತದೆ, ರೂಢಿಗೆ ಇರುವುದಿಲ್ಲ. ರಾಷ್ಟ್ರಗಳು ಬಹುಮಟ್ಟಿಗೆ ಒಂದೇ ರೀತಿ ನಡೆದುಕೊಳ್ಳುತ್ತಿರಬೇಕು. ಆ ನಡೆ ಬರಿಯ ಸೌಜನ್ಯವಾಗಿರದೆ, ಕಾನೂನಿಗೆ ಬದ್ಧರಾಗಿ ಹಾಗೆ ನಡೆಯುತ್ತಿದ್ದೇವೆಂಬ ಭಾವನೆಯಿಂದ ಬಂದಿರಬೇಕು. ಈ ಎರಡೂ ಕೂಡಿದಾಗ ಹುಟ್ಟುವ ನಿಯಮ, ಅದಕ್ಕೆ ಎಂದೂ ಬಾಯಿಬಿಟ್ಟು ಒಪ್ಪಿಗೆ ಕೊಡದ ರಾಷ್ಟ್ರವನ್ನೂ ಕಟ್ಟುತ್ತದೆ.

ಹಾಗಾದರೆ ಮೊದಲಿನಿಂದಲೂ ಬೇಡವೆಂದ ರಾಷ್ಟ್ರದ ಗತಿಯೇನು? ಇದಕ್ಕೆ ಎಲ್ಲರೂ ತೋರಿಸುವುದು ಬ್ರಿಟನ್ ಮತ್ತು ನಾರ್ವೆಗಳ ನಡುವಿನ ಮೀನುಗಾರಿಕೆ ಮೊಕದ್ದಮೆಯನ್ನು. ನಾರ್ವೆಯ ಉತ್ತರ ತೀರವು ಕಡಲ ಕವಲುಗಳಿಂದಲೂ ಸಾವಿರಾರು ದ್ವೀಪ, ಬಂಡೆಗಳಿಂದಲೂ ಛಿದ್ರವಾದ ತೀರ. 1935ರ ರಾಜಾಜ್ಞೆಯೊಂದರಿಂದ ನಾರ್ವೆ ಈ ಹೊರಬಂಡೆಗಳನ್ನೇ ಸರಳರೇಖೆಗಳಿಂದ ಜೋಡಿಸಿ, ಆ ರೇಖೆಯಿಂದ ಹೊರಕ್ಕೆ 4 ಮೈಲಿ ಕಡಲು ತನ್ನ ಮೀನುಗಾರರಿಗೆ ಮೀಸಲೆಂದಿತು. ಬ್ರಿಟಿಷ್ ಟ್ರಾಲರುಗಳು ಸೆರೆಯಾಗತೊಡಗಿದಾಗ, 1949ರಲ್ಲಿ ಬ್ರಿಟನ್ ನ್ಯಾಯಾಲಯದ ಮೆಟ್ಟಿಲೇರಿತು. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಎಳೆಯುವ ರೇಖೆ 10 ಮೈಲಿ ಮೀರಬಾರದೆಂಬುದು ರೂಢಿಯ ನಿಯಮ ಎಂದು ಅದು ವಾದಿಸಿತು.

1951ರ ಡಿಸೆಂಬರಿನಲ್ಲಿ ನ್ಯಾಯಾಲಯ ಕೊಟ್ಟ ಉತ್ತರಕ್ಕೆ ಎರಡು ಮೆಟ್ಟಿಲುಗಳಿವೆ. ಕೆಲವು ರಾಷ್ಟ್ರಗಳು ಈ ಅಳತೆಯನ್ನು ಒಪ್ಪಿದ್ದರೂ ಬೇರೆಯವು ಬೇರೆ ಅಳತೆ ಇಟ್ಟುಕೊಂಡಿರುವುದರಿಂದ, ಅದು ಸಾಮಾನ್ಯ ನಿಯಮವಾಗಿಯೇ ಇಲ್ಲ ಎಂಬುದು ಮೊದಲನೆಯದು. ಆಗಿದ್ದರೂ, ತನ್ನ ತೀರಕ್ಕೆ ಅದನ್ನು ಅನ್ವಯಿಸುವ ಪ್ರಯತ್ನವನ್ನು ನಾರ್ವೆ ಸದಾ ವಿರೋಧಿಸಿರುವ ಕಾರಣ ಅದರ ಮೇಲೆ ನಡೆಯದು ಎಂಬುದು ಎರಡನೆಯದು. ಪಠ್ಯಪುಸ್ತಕಗಳು ಹಿಡಿದುಕೊಂಡಿರುವುದು ಈ ಎರಡನೆಯ ಮಾತನ್ನು. ತೀರ್ಪು ನಿಂತಿರುವುದು ಮೊದಲನೆಯದರ ಮೇಲೆ ಎಂಬುದನ್ನು ನಾವು ಮರೆಯಬಾರದು. ನಾರ್ವೆಯ ಪಾಲಿಗೆ ಬಲವಾಗಿದ್ದದ್ದು ಅದರ ಹಳೆಯ ದಾಖಲೆ: 1869ರಲ್ಲೇ ಅದು 26 ಮೈಲಿಯ ರೇಖೆಯೊಂದನ್ನು ಬಹಿರಂಗವಾಗಿ ಎಳೆದಿತ್ತು, ಫ್ರಾನ್ಸ್ ವಿವರಣೆ ಕೇಳಿದಾಗ ಲಿಖಿತ ಉತ್ತರವನ್ನೂ ಕೊಟ್ಟಿತ್ತು.

ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಾನೂನು ಆಯೋಗವು 2018ರಲ್ಲಿ ಈ ವಿನಾಯಿತಿಯ ಷರತ್ತುಗಳನ್ನು ಬರೆದಿಟ್ಟಿತು. ನಿಯಮ ರೂಪುಗೊಳ್ಳುತ್ತಿರುವಾಗಲೇ ಆಕ್ಷೇಪಿಸಬೇಕು, ಸ್ಪಷ್ಟವಾಗಿ ಹೇಳಿ ಇತರರಿಗೆ ತಿಳಿಸಬೇಕು, ಎಡೆಬಿಡದೆ ಉಳಿಸಿಕೊಂಡು ಬರಬೇಕು. ನಿಯಮ ಗಟ್ಟಿಯಾದ ಮೇಲೆ ಎತ್ತಿದ ತಕರಾರು ಈ ರಕ್ಷಣೆಯನ್ನು ಕೊಡುವುದಿಲ್ಲ. ಜನಾಂಗಹತ್ಯೆ, ಗುಲಾಮಗಿರಿ, ವರ್ಣಭೇದ ನೀತಿಗಳ ನಿಷೇಧದಂತಹ, ಯಾರೂ ಮೀರಲಾಗದ ನಿಯಮಗಳ ಎದುರಿನಲ್ಲಂತೂ ಎಷ್ಟು ಹಳೆಯ ಆಕ್ಷೇಪವಾದರೂ ನಿಲ್ಲದು.