"ಮತ್ತೇನ್ ಕೊಡ್ಲಿರಿ" ಅನ್ನೋದನ್ನು ನಮ್ಮ ಕೌಂಟರ್‌ನಲ್ಲಿ ಬಿಟ್ಟಿದ್ದು ಯಾಕೆ

ನಮಸ್ಕಾರ್ರಿ. ಹುಬ್ಬಳ್ಳಿಯಲ್ಲಿ, ವಿದ್ಯಾನಗರದ ಕಡೆ, ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ನಾನು, ಇಬ್ಬರು ಹುಡುಗರು, ಸಂಜೆ ಹೊತ್ತು ಒಬ್ಬ ಹುಡುಗಿ. ಇವತ್ತು ಮಾತಾಡುತ್ತಿರುವುದು ಮೆಡಿಕಲ್ ಶಾಪ್ ನಡೆಸುವವರ ಜೊತೆ, ಆದರೆ ಗಿರಾಕಿಗಳೂ ಕೇಳಲಿ, ತಪ್ಪೇನಿಲ್ಲ.

ಮೊದಲು ನಮ್ಮ ಅಂಗಡಿಯದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕುಂದಗೋಳ ಕಡೆಯ ಒಬ್ಬ ಯಜಮಾನರು, ಅರವತ್ತು ದಾಟಿದವರು, ದಮ್ಮಿಗೆ ಡಾಕ್ಟರು ಬರೆದ ಚೀಟಿ ತಂದರು. ಚೀಟಿಯಲ್ಲಿ ಇದ್ದದ್ದು ರೋಟಾಕ್ಯಾಪ್ಸ್, ಮೂವತ್ತರ ಒಂದು ಡಬ್ಬಿ. ನಮ್ಮ ಹುಡುಗ ಡಬ್ಬಿ ಕೊಟ್ಟ, ಬಿಲ್ ಹಾಕುತ್ತಾ ನಾನು ಕಲಿಸಿದ ಮಾತನ್ನೇ ಹೇಳಿದ: "ಮತ್ತೇನ್ ಕೊಡ್ಲಿರಿ? ಪ್ರೋಟೀನ್ ಪೌಡರ್ ಐತ್ರಿ, ಸುಸ್ತಿಗೆ ಚಲೋ." ಯಜಮಾನರು ಬ್ಯಾಡ ಅಂದರು, ಹೋದರು. ಎಂಟು ದಿನ ಬಿಟ್ಟು ವಾಪಸ್ ಬಂದು, "ಏನಪಾ, ದಿನಾ ಎರಡು ಹೊತ್ತು ನೀರಾಗ ನುಂಗಾಕತ್ತೀನಿ, ದಮ್ಮು ಒಂಚೂರೂ ಕಡಿಮಿ ಆಗವಲ್ದು" ಅಂದರು.

ನುಂಗುತ್ತಿದ್ದರು! ಆ ಕ್ಯಾಪ್ಸೂಲ್ ನುಂಗುವುದಲ್ಲ. ಅದನ್ನು ಒಂದು ಸಣ್ಣ ಪ್ಲಾಸ್ಟಿಕ್ ಮಷೀನ್‌ಗೆ ಹಾಕಿ, ಒಡೆದು, ಒಳಗಿನ ಪುಡಿಯನ್ನು ಬಾಯಿಂದ ಜೋರಾಗಿ ಎಳೆದುಕೊಳ್ಳಬೇಕು. ಆ ಮಷೀನ್ ಅವರ ಹತ್ತಿರ ಇಲ್ಲ, ಇದೆಯಾ ಅಂತ ನಾವು ಕೇಳಿಯೂ ಇಲ್ಲ. ಅಂದರೆ ನಮ್ಮ ಹುಡುಗ ಬೇಡದ್ದನ್ನು ಮಾರಲು ನೋಡಿದ, ಬೇಕೇ ಬೇಕಾದ್ದನ್ನು ಮಾರಲಿಲ್ಲ. ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಯಾಕೆಂದರೆ ಪೌಡರ್ ಡಬ್ಬಿ ಕೌಂಟರ್ ಮೇಲೆ ಗೋಪುರ ಕಟ್ಟಿ ಇಟ್ಟವನು ನಾನು, ಡಬ್ಬಿಗಿಷ್ಟು ಅಂತ ಕಮಿಷನ್ ಹೇಳಿದವನೂ ನಾನೇ. ಆ ಮಷೀನ್ ಮಾತ್ರ ಹಿಂದಿನ ರ‍್ಯಾಕ್‌ನ ಮೇಲಿನ ಡ್ರಾಯರ್‌ನಲ್ಲಿ, ಸ್ಟೂಲ್ ಹಾಕಿ ಹತ್ತಿದರೆ ಸಿಗುವ ಜಾಗದಲ್ಲಿತ್ತು.

ಅವತ್ತು ನನಗೆ ತಲೆಗೆ ಹತ್ತಿದ್ದು ಇಷ್ಟು. ಹುಡುಗರ ಬಾಯಲ್ಲಿ ಏನು ಬರುತ್ತದೆ ಅನ್ನುವುದನ್ನು ನಮ್ಮ ಪಾಠ ನಿರ್ಧರಿಸುವುದಿಲ್ಲ, ರ‍್ಯಾಕ್ ನಿರ್ಧರಿಸುತ್ತದೆ. ಸಂಜೆ ಏಳು ಗಂಟೆಗೆ ಎಂಟು ಜನ ಚೀಟಿ ಚಾಚಿಕೊಂಡು ನಿಂತಿರುವಾಗ ಕಣ್ಣಿಗೆ ಬಿದ್ದದ್ದೇ ನಾಲಿಗೆ ಮೇಲೆ ಬರುತ್ತದೆ, ಅಲ್ವಾ?

ಹಾಗಾಗಿ ಮೊದಲು ಸಾಮಾನು ಎತ್ತಿಟ್ಟೆ. ರೋಟಾಕ್ಯಾಪ್ಸ್ ಇರುವ ಖಾನೆಯಲ್ಲೇ, ಡಬ್ಬಿಗಳ ಮುಂದೆ ಅಡ್ಡ ಬರುವ ಹಾಗೆ ಮಷೀನ್ ಇಟ್ಟೆ. ಡಬ್ಬಿ ತೆಗೆಯಬೇಕೆಂದರೆ ಮಷೀನ್ ಸರಿಸಲೇಬೇಕು. ಸರಿಸಿದಾಗ ಪ್ರಶ್ನೆ ತಾನಾಗಿಯೇ ಬರುತ್ತದೆ: "ಸೇದೋ ಮಷೀನ್ ಐತೇನ್ರಿ ಮನ್ಯಾಗ?" ಐತಿ ಅಂದರೆ ಮಾತು ಮುಗಿಯಿತು. ಇಲ್ಲ ಅಂದರೆ ತೋರಿಸುತ್ತೇವೆ, ಖಾಲಿ ಮಷೀನ್‌ನಲ್ಲಿ ಒಮ್ಮೆ ಎಳೆದು ತೋರಿಸಿ, ಉಸಿರು ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ ಅಂತ ಹೇಳುತ್ತೇವೆ. ಸ್ಟೀರಾಯ್ಡ್ ಇರುವ ಪುಡಿಯಾದರೆ ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಸು ಬರುತ್ತದೆ ಅನ್ನುವುದನ್ನೂ ಹೇಳುತ್ತೇವೆ. ಇದನ್ನು ಯಾರೂ ಒತ್ತಾಯ ಅಂದುಕೊಂಡಿಲ್ಲ.

ಇನ್ಸುಲಿನ್ ವಿಷಯದಲ್ಲಿ ಹೀಗೆ ಮಾಡಲು ಆಗುವುದಿಲ್ಲ, ಅದು ಫ್ರಿಜ್‌ನಲ್ಲಿ ಇರುತ್ತದೆ, ಸಿರಿಂಜ್ ಫ್ರಿಜ್‌ನಲ್ಲಿ ಇಡುವುದು ಜಾಗಕ್ಕೆ ದಂಡ. ಅದಕ್ಕೆ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: "ಸೂಜಿ ಅದಾವೇನ್ರಿ? 40ಕ್ಕೆ ಕೆಂಪು ಟೋಪಿ." ನಮ್ಮಲ್ಲಿ ಜಾಸ್ತಿ ಹೋಗುವುದು ಒಂದು ಎಂಎಲ್‌ಗೆ 40 ಯೂನಿಟ್‌ನ ಬಾಟಲಿ, ಅದಕ್ಕೆ ಕೆಂಪು ಟೋಪಿಯ ಸಿರಿಂಜ್. ಕಿತ್ತಳೆ ಟೋಪಿಯದು 100ರ ಇನ್ಸುಲಿನ್‌ಗೆ. 40ರ ಬಾಟಲಿ ಜೊತೆ ಕಿತ್ತಳೆ ಟೋಪಿ ಕೊಟ್ಟರೆ, ಇಪ್ಪತ್ತರ ಗೆರೆವರೆಗೆ ಎಳೆದವರ ಮೈಗೆ ಹೋಗುವುದು ಬರೀ ಎಂಟು ಯೂನಿಟ್. ಉಲ್ಟಾ ಆದರೆ ಇನ್ನೂ ಅಪಾಯ, ಇಪ್ಪತ್ತರ ಬದಲು ಐವತ್ತು ಯೂನಿಟ್ ಹೋಗುತ್ತದೆ. ಜೊತೆಗೆ ಒಂದು ಸಾಮಾನು ಮಾರುವುದು ಅಂದರೆ ಸರಿಯಾದ ಜೋಡಿ ಮಾರುವುದು ಕಣ್ರಿ, ಸುಮ್ನೆ ಬಿಲ್ ಉದ್ದ ಮಾಡುವುದಲ್ಲ.

ಈಗ ದಿನಾ ಬರುವ ಕೇಸು, ಮಕ್ಕಳ ಭೇದಿ. ತಾಯಿ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಬರುತ್ತಾಳೆ, ಚೀಟಿಯಲ್ಲಿ ಝಿಂಕ್ ಸಿರಪ್ ಇರುತ್ತದೆ, ಓಆರ್‌ಎಸ್ ಅನ್ನು ಡಾಕ್ಟರು ಬಾಯಲ್ಲೇ ಹೇಳಿರುತ್ತಾರೆ, ಆಕೆ ಮರೆತಿರುತ್ತಾಳೆ. ಮೊದಲು ನಮ್ಮ ಹುಡುಗರು ಕೇಳುತ್ತಿದ್ದದ್ದು, "ಓಆರ್‌ಎಸ್ ಕೊಡ್ಲೇನ್ರಿ ಅಕ್ಕಾರ?" ಇದಕ್ಕೆ ಜನರ ಬಾಯಿಂದ ಬರುವ ಮೊದಲ ಉತ್ತರವೇ ಬ್ಯಾಡ. ಕೊಡ್ಲಾ ಅಂದ ಕೂಡಲೇ ಕೈ ಪರ್ಸಿನ ಮೇಲೆ ಹೋಗುತ್ತದೆ, ಇವನು ಮಾರಲು ಹೊರಟಿದ್ದಾನೆ ಅಂತ. ಈಗ ಕೇಳುವುದು, "ಅಕ್ಕಾರ, ಕೂಸಿಗೆ ಕುಡಿಯಾಕ ಏನ್ ಕೊಡಾಕತ್ತೀರಿ?" ಇದಕ್ಕೆ ಬ್ಯಾಡ ಅಂತ ಹೇಳಲು ಬರುವುದಿಲ್ಲ, ಆಕೆ ನಿಜ ಹೇಳುತ್ತಾಳೆ. ಗ್ಲುಕೋಸ್ ನೀರು ಅನ್ನಬಹುದು, ಅಂಗಡಿಯ ಜ್ಯೂಸ್ ಅನ್ನಬಹುದು, ಏನೂ ಇಲ್ಲ ಎನ್ನಲೂಬಹುದು. ಮುಂದಿನ ಮಾತು ಆ ಉತ್ತರದಿಂದಲೇ ಹುಟ್ಟುತ್ತದೆ.

ಓಆರ್‌ಎಸ್ ಪ್ಯಾಕೆಟ್ ಕೊಡುವಾಗ ಎರಡೇ ಮಾತು ಹೇಳುತ್ತೇವೆ. ಒಂದು ಲೀಟರಿನ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಸಣ್ಣದು ಪೂರ್ತಿ 200 ಎಂಎಲ್‌ಗೆ. ಲೋಟಕ್ಕೆ ಒಂದೊಂದು ಚಮಚ ಹಾಕಿ ಕೊಡುವವರು ಬಹಳ, ಅದರಲ್ಲಿ ಉಪ್ಪು ಸಕ್ಕರೆಯ ಲೆಕ್ಕ ತಪ್ಪುತ್ತದೆ. ಒಂದು ದಿನ ಆದ ಮೇಲೆ ಉಳಿದದ್ದು ಚೆಲ್ಲಬೇಕು. ಝಿಂಕ್ ಬಾಟಲಿ ಕೈಗಿಡುವಾಗ, ಭೇದಿ ನಿಂತರೂ ಡಾಕ್ಟರು ಹೇಳಿದಷ್ಟು ದಿನ ಹಾಕಬೇಕು ಅನ್ನುತ್ತೇವೆ. ಸಾಮಾನ್ಯವಾಗಿ 14 ದಿನ ಬರೆದಿರುತ್ತಾರೆ, ಮನೆಯಲ್ಲಿ ಮೂರನೇ ದಿನಕ್ಕೆ ಬಾಟಲಿ ಮೂಲೆ ಸೇರುತ್ತದೆ. ಮಲದಲ್ಲಿ ರಕ್ತ, ಕಣ್ಣು ಒಳಗೆ ಹೋಗಿರುವುದು, ಉಚ್ಚೆ ಬಾರದೆ ಇರುವುದು, ಇವು ಕಂಡರೆ ಏನನ್ನೂ ಮಾರದೆ ವಾಪಸ್ ಆಸ್ಪತ್ರೆಗೆ ಕಳಿಸು ಅಂತ ಹುಡುಗರಿಗೆ ಹೇಳಿಟ್ಟಿದ್ದೇನೆ.

ಇಲ್ಲೇ ರ‍್ಯಾಕಿನ ಇನ್ನೊಂದು ಮಾತು. ಸಿಹಿ ಪಾನೀಯದ ಡಬ್ಬಿಗಳ ಮೇಲೆ ಓಆರ್‌ಎಸ್ ಅನ್ನುವ ಅಕ್ಷರ ಸೇರಿಸಿ ಮಾರುತ್ತಿದ್ದರಲ್ಲ, ನಾನೂ ಅವನ್ನು ಮುಂದೆಯೇ ಇಟ್ಟಿದ್ದೆ. ನೋಡಲು ಚೆಂದ, ಮಕ್ಕಳಿಗೆ ರುಚಿ, ಮಾರ್ಜಿನ್ ಚಲೋ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲುಕೋಸ್ ಇರಬೇಕು, ಆ ಡಬ್ಬಿಗಳಲ್ಲಿ ಸಕ್ಕರೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಕ್ಕರೆ ಜಾಸ್ತಿಯಾದರೆ ಕರುಳಿಗೆ ನೀರು ಎಳೆದುಕೊಂಡು ಭೇದಿ ಇನ್ನೂ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ, ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಬಾರದು ಅಂತ ಆದೇಶ ಮಾಡಿತು. ನಾನು ಕೌಂಟರ್ ಪಕ್ಕದ ಬುಟ್ಟಿಯಲ್ಲಿ ಈಗ ಪುಡಿ ಪ್ಯಾಕೆಟ್ ಮಾತ್ರ ಇಡುತ್ತೇನೆ, ದೊಡ್ಡ ಅಕ್ಷರದಲ್ಲಿ ರೇಟ್ ಬರೆದು. ರೇಟ್ ಕಂಡರೆ ಅರ್ಧ ಸಂಕೋಚ ಹೋಗುತ್ತದೆ, ಜನ ತಾವೇ ಎರಡು ತೆಗೆದುಕೊಳ್ಳುತ್ತಾರೆ.

ಸಂಕೋಚ ಅಂದಾಗ ನೆನಪಾಯಿತು, ಪ್ಯಾಡ್. ಇದರ ಬಗ್ಗೆ ಹುಡುಗರು ಬಾಯಿ ಬಿಡಲೇಬಾರದು. ಹೊರಗಿನ ರ‍್ಯಾಕ್‌ನಲ್ಲಿ ಕೈಗೆ ಸಿಗುವ ಹಾಗೆ ಇಟ್ಟರೆ ಸಾಕು, ಅವರೇ ತಂದು ಬಿಲ್ಲಿಗಿಡುತ್ತಾರೆ.

ಎಲ್ಲಿ ಕೇಳಲೇಬಾರದು ಅನ್ನುವುದಕ್ಕೆ ನಮ್ಮಲ್ಲಿ ಒಂದು ಸುಲಭ ಗುರುತಿದೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಮೇಲೆಯೇ ಕೊಡಬೇಕಾದ ಔಷಧ, ಅದನ್ನು ನಾವಾಗಿ ಹೇಳುವಂತಿಲ್ಲ. "ನೋವಿನ ಗುಳಿಗಿ ತಗೊಂಡ್ರಿ, ಗ್ಯಾಸಿಂದೂ ಒಂದು ಹಾಕ್ಲೇನ್ರಿ" ಅನ್ನುವ ಚಟ ನಮ್ಮೂರ ಕೌಂಟರ್‌ಗಳಲ್ಲಿ ಬಹಳ ಹಳೆಯದು, ನಮ್ಮಲ್ಲೂ ಇತ್ತು. ಕೆಂಪು ಗೆರೆ ಇಲ್ಲದ್ದೆಲ್ಲ ಸಲೀಸು ಅಂತಲೂ ಅಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ 650 ದಿನಕ್ಕೆ ಮೂರು ಅಂತ ಬರೆದಿರುತ್ತದೆ. ಗಿರಾಕಿ ಸೀನಿದರು ಅಂತ ನೆಗಡಿ ಗುಳಿಗೆ ಸೇರಿಸಿದರೆ, ಅದರೊಳಗೂ ಪ್ಯಾರಾಸಿಟಮಾಲ್ 500 ಕೂತಿರುತ್ತದೆ. ಎರಡೂ ಮೂರು ಮೂರು ನುಂಗಿದರೆ 3450 ಮಿಲಿಗ್ರಾಂ. ದೊಡ್ಡವರಿಗೆ ದಿನದ ಮಿತಿ 4000. ಮಧ್ಯರಾತ್ರಿ ತಲೆನೋವು ಅಂತ ಮನೆಯಲ್ಲಿದ್ದ ಇನ್ನೊಂದು 650 ನುಂಗಿದರೆ ಮಿತಿ ದಾಟಿತು, ಕುಡಿಯುವ ಅಭ್ಯಾಸ ಇದ್ದವರ ಲಿವರ್‌ಗೆ ಅಷ್ಟು ಬೇಕೂ ಇಲ್ಲ. ಅದಕ್ಕೆ ನೆಗಡಿ ಗುಳಿಗೆಯನ್ನು ಪ್ಯಾರಾಸಿಟಮಾಲ್ ಪಕ್ಕದಿಂದ ಎತ್ತಿ ಬೇರೆ ಸಾಲಿಗೆ ಹಾಕಿದೆ. ಹತ್ತಿರ ಇಟ್ಟರೆ ಕೈ ಹೋಗುತ್ತದೆ. ಆ ಜಾಗದಲ್ಲಿ ಈಗ ಥರ್ಮಾಮೀಟರ್ ಇದೆ. "ಜ್ವರ ಎಷ್ಟೈತಿ ನೋಡೀರೇನ್ರಿ?" ಅಂತ ಕೇಳಿದರೆ ಹತ್ತರಲ್ಲಿ ಏಳು ಜನ ಕೈ ಮುಟ್ಟಿ ನೋಡಿದ್ವಿ ಅನ್ನುತ್ತಾರೆ, ಕೆಲವರು ಒಂದು ಕೊಂಡುಕೊಳ್ಳುತ್ತಾರೆ.

ಒತ್ತಾಯ ಆಗುತ್ತಿದೆಯಾ ಇಲ್ಲವಾ ಅಂತ ಗೊತ್ತಾಗುವುದು ಹೇಗೆ? ಟೋಟಲ್ ಹೇಳಿದ ಮೇಲೆ ಗಿರಾಕಿ "ಇದೊಂದು ತಗೀರಿ" ಅನ್ನುವುದನ್ನು ನೋಡಿ. ಹಾಗೆ ತೆಗೆಸಿದ ಸಾಮಾನನ್ನು ನಾವು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತೇವೆ. ಮೊದಲ ತಿಂಗಳು ಆ ಪುಟ ತುಂಬಾ ಪೌಡರ್ ಡಬ್ಬಿ, ಮಲ್ಟಿವಿಟಮಿನ್. ಮಷೀನ್, ಸಿರಿಂಜ್, ಓಆರ್‌ಎಸ್ ಒಂದೂ ಇಲ್ಲ. ಇನ್ನೊಂದು ಗುರುತು ಇದಕ್ಕಿಂತ ಕೆಟ್ಟದ್ದು. ತಾವೇ ಬರುತ್ತಿದ್ದ ಹಳೇ ಗಿರಾಕಿ ಖಾಲಿ ಸ್ಟ್ರಿಪ್ ಕೊಟ್ಟು ಮಗನನ್ನು ಕಳಿಸಲು ಶುರು ಮಾಡಿದರೆ, ಆ ಹುಡುಗ ಬಂದು "ಇದೊಂದ ಸಾಕಂತ್ರಿ" ಅಂದರೆ, ನಮ್ಮ ಬಾಯಿ ಜಾಸ್ತಿಯಾಗಿದೆ ಅಂತ ಅರ್ಥ.

ಕಮಿಷನ್ ನಿಲ್ಲಿಸಿದೆ. ಹುಡುಗರಿಗೆ ಬೇಜಾರಾಯಿತು, ಸುಳ್ಳು ಹೇಳಲ್ಲ. ಪಗಾರ ಸ್ವಲ್ಪ ಏರಿಸಿದೆ, ಪೂರ್ತಿ ಸರಿಹೋಗಿಲ್ಲ. ಪೌಡರ್‌ನಿಂದ ಬರುತ್ತಿದ್ದಷ್ಟು ಲಾಭ ಓಆರ್‌ಎಸ್ ಪ್ಯಾಕೆಟ್‌ನಿಂದ ಬರುವುದಿಲ್ಲ, ಅದೂ ನಿಜ. ಆದರೆ ಕುಂದಗೋಳದ ಯಜಮಾನರು ತಿಂಗಳಿಗೊಮ್ಮೆ ಬರುತ್ತಾರೆ, ಈ ಸಲ ಪಕ್ಕದ ಮನೆಯವರನ್ನೂ ಕರೆದುಕೊಂಡು ಬಂದಿದ್ದರು, ಅವರಿಗೂ ದಮ್ಮು. ನಮ್ಮ ಹುಡುಗ ಖಾನೆಗೆ ಕೈ ಹಾಕುವ ಮೊದಲೇ ಯಜಮಾನರೇ ಕೇಳಿದರು: "ಮಷೀನ್ ಐತೇನೋ ನಿನ್ನ ಹತ್ರ?"