ತಂತಿ ಕಾಣದ ಪಿನ್ನು ಸೊನ್ನೆಯಲ್ಲ

ಸಭಿಕರೇ,

ಪ್ರಯೋಗಾಲಯದಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದು ತೊಂದರೆಯಿಂದ ಆರಂಭಿಸುತ್ತೇನೆ. ವಿದ್ಯಾರ್ಥಿನಿಯೊಬ್ಬಳು 74 ಎಲ್‌ಎಸ್ 90 ಎಂಬ ಟಿಟಿಎಲ್ ಕೌಂಟರನ್ನು ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿ, ವಿದ್ಯುತ್ತು ಮತ್ತು ಕ್ಲಾಕ್ ಎರಡನ್ನೂ ಸರಿಯಾಗಿ ಕೊಟ್ಟಿದ್ದಳು. ಆದರೂ ಅದು ಒಂಬತ್ತನ್ನು ತೋರಿಸುತ್ತಾ ಅಲ್ಲೇ ನಿಂತಿತ್ತು. ಬೇಡವಾದ ಪಿನ್ನುಗಳಿಗೆ ತಂತಿಯನ್ನೇ ಹಾಕಿಲ್ಲ, ಆದ್ದರಿಂದ ಅಲ್ಲಿ ಸೊನ್ನೆ ಇರುತ್ತದೆ ಎಂಬುದು ಅವಳ ನಂಬಿಕೆಯಾಗಿತ್ತು.

ಟಿಟಿಎಲ್ ಗೇಟಿನ ರಚನೆ ಈ ನಂಬಿಕೆಗೆ ತದ್ವಿರುದ್ಧವಾಗಿದೆ. ಅದರ ಇನ್‌ಪುಟ್ಟಿಗೆ ಒಳಗಿನಿಂದಲೇ ಒಂದು ರೆಸಿಸ್ಟರ್ ಮೂಲಕ ಕರೆಂಟ್ ಬರುತ್ತದೆ; ಹೊರಗಿನವರು ಆ ಕರೆಂಟನ್ನು ಗ್ರೌಂಡಿಗೆ ಎಳೆದುಕೊಂಡರೆ ಮಾತ್ರ ಗೇಟು ಸೊನ್ನೆ ಎಂದು ಓದುತ್ತದೆ, ಯಾರೂ ಎಳೆಯದಿದ್ದರೆ ಒಂದು ಎಂದೇ ಓದುತ್ತದೆ. 74 ಎಲ್‌ಎಸ್ 90ರಲ್ಲಿ 6 ಮತ್ತು 7ನೇ ಪಿನ್ನುಗಳು ಎರಡೂ ಒಂದಾದರೆ ಎಣಿಕೆ ಒಂಬತ್ತಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ಅವಳ ಕೌಂಟರು ಕೆಟ್ಟಿರಲಿಲ್ಲ, ತನಗೆ ಬಂದ ಆಜ್ಞೆಯನ್ನು ಪಾಲಿಸುತ್ತಿತ್ತು. ಇಂಥ ಪಿನ್ನಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು ಒಂದೂವರೆ ವೋಲ್ಟ್ ಕಾಣಿಸುತ್ತದೆ. 0.8 ವೋಲ್ಟಿನವರೆಗೆ ಸೊನ್ನೆ, 2 ವೋಲ್ಟಿನ ಮೇಲೆ ಒಂದು ಎಂಬುದು ಟಿಟಿಎಲ್ ಒಪ್ಪಂದ. ಇವೆರಡರ ನಡುವಿನ ಈ ಓದು ಪಿನ್ನು ತೇಲುತ್ತಿದೆ, ಅಂದರೆ ಯಾವುದಕ್ಕೂ ಕಟ್ಟಿಕೊಂಡಿಲ್ಲ, ಎಂಬುದಕ್ಕೆ ಒಳ್ಳೆಯ ಸುಳಿವು. ಒಂದು ಎಂದು ಓದಿಸಿಕೊಂಡರೂ ಅದು ಬಹಳ ದುರ್ಬಲವಾದ ಒಂದು. ಪಕ್ಕದ ತಂತಿಯ ಸಣ್ಣ ಗದ್ದಲವೂ ಅದನ್ನು ಕೆಡಿಸಬಲ್ಲದು.

ಅವಳು ಅನಂತರ ಆ ಪಿನ್ನುಗಳಿಂದ ಗ್ರೌಂಡಿಗೆ 10 ಕಿಲೋ ಓಮಿನ ರೆಸಿಸ್ಟರುಗಳನ್ನು ಹಾಕಿದಳು. ಆಗಲೂ ಎಣಿಕೆ ಏಳಲಿಲ್ಲ. ಎಲ್‌ಎಸ್ ಇನ್‌ಪುಟ್ ಒಂದನ್ನು ಸೊನ್ನೆಯಲ್ಲಿ ಹಿಡಿಯಲು ಅದರಿಂದ 0.4 ಮಿಲಿ ಆಂಪಿಯರ್‌ವರೆಗೆ ಹೊರಗೆಳೆಯಬೇಕಾಗಬಹುದು. ಅಷ್ಟು ಕರೆಂಟ್ ಹರಿದರೂ 0.8 ವೋಲ್ಟನ್ನು ಮೀರಬಾರದೆಂದರೆ ರೆಸಿಸ್ಟರ್ 2 ಕಿಲೋ ಓಮಿಗಿಂತ ದೊಡ್ಡದಾಗುವಂತಿಲ್ಲ. ಸದಾ ಸೊನ್ನೆಯಾಗಿರಬೇಕಾದ ಟಿಟಿಎಲ್ ಪಿನ್ನನ್ನು ನೇರವಾಗಿ ಗ್ರೌಂಡಿಗೆ ಕಟ್ಟುವುದೇ ಸರಿ. ಸದಾ ಒಂದಾಗಿರಬೇಕಾದುದನ್ನು, ಉದಾಹರಣೆಗೆ ನ್ಯಾಂಡ್ ಗೇಟಿನ ಉಳಿದ ಇನ್‌ಪುಟ್ಟನ್ನು, 1 ಕಿಲೋ ಓಮ್ ಮೂಲಕ 5 ವೋಲ್ಟಿಗೆ ಕಟ್ಟಬಹುದು.

ಸಿಮಾಸ್ ಐಸಿಗಳ ಸ್ವಭಾವ ಬೇರೆ. ಅಲ್ಲಿ ಇನ್‌ಪುಟ್ ಎಂದರೆ ಅವಾಹಕ ಪದರದ ಮೇಲೆ ಕುಳಿತ ಒಂದು ಪುಟ್ಟ ಲೋಹದ ಅಥವಾ ಸಿಲಿಕಾನಿನ ಫಲಕ; ಕರೆಂಟ್ ಬಹುತೇಕ ಹರಿಯುವುದೇ ಇಲ್ಲ, ಕೆಲವು ಪಿಕೋ ಫ್ಯಾರಡ್‌ಗಳಷ್ಟು ಧಾರಕತೆ ಮಾತ್ರ ಇರುತ್ತದೆ. ಆದ್ದರಿಂದ ತೇಲುವ ಸಿಮಾಸ್ ಪಿನ್ನಿಗೆ ತನ್ನದೇ ಆದ ಬೆಲೆಯಿಲ್ಲ. ಅದೇ ವಿದ್ಯಾರ್ಥಿನಿ ಸಿಡಿ 4017ನ್ನು ಬಳಸಿ ಹತ್ತು ಎಲ್‌ಇಡಿಗಳ ಓಡುವ ದೀಪ ಕಟ್ಟಿದಾಗ, ಎಣಿಕೆ ತಡೆಯುವ 13ನೇ ಪಿನ್ನನ್ನು ಗ್ರೌಂಡಿಗೆ ಕಟ್ಟಿ, ರೀಸೆಟ್ ಆದ 15ನ್ನು ಮರೆತಳು. ದೀಪಗಳು ಸ್ವಲ್ಪ ಹೊತ್ತು ಸರಿಯಾಗಿ ಓಡಿದವು, ಆದರೆ ಅವಳು ಕೈ ಹತ್ತಿರ ತಂದೊಡನೆ ಮೊದಲನೆಯ ದೀಪಕ್ಕೆ ಮರಳಿ ಅಲ್ಲೇ ನಿಂತವು. ಗೋಡೆಯೊಳಗಿನ ವಿದ್ಯುತ್ ತಂತಿಗಳಿಂದ ನಮ್ಮ ದೇಹಕ್ಕೆ ಬರುವ 50 ಹರ್ಟ್ಸ್ ಅಲೆ ಬೆರಳಿನಿಂದ ಪಿನ್ನಿಗೆ ದಾಟಿ, ಸೆಕೆಂಡಿಗೆ ಐವತ್ತು ಸಲ ರೀಸೆಟ್ ಕೊಡುತ್ತಿತ್ತು.

ಈ ದೋಷವನ್ನು ಹುಡುಕುವವರನ್ನು ದಾರಿ ತಪ್ಪಿಸುವುದು ಮೀಟರೇ. ಅವಳು 15ನೇ ಪಿನ್ನಿಗೆ ಮೀಟರ್ ಹಿಡಿದಾಗ ಸೊನ್ನೆ ವೋಲ್ಟ್ ಕಂಡಿತು, ದೀಪಗಳೂ ಸರಿಯಾಗಿ ಓಡತೊಡಗಿದವು. ಸಾಮಾನ್ಯ ಡಿಜಿಟಲ್ ಮೀಟರಿನೊಳಗಿನ 10 ಮೆಗಾ ಓಮ್ ರೋಧವೇ ಪಿನ್ನನ್ನು ಗ್ರೌಂಡಿಗೆ ಎಳೆಯಲು ಸಾಕಾಗಿತ್ತು. ಮೀಟರ್ ಹಿಡಿದಾಗ ವಾಸಿಯಾಗಿ ತೆಗೆದೊಡನೆ ಮರಳುವ ದೋಷ ಕಂಡರೆ ನಾನು ಮೊದಲು ತೇಲುವ ಪಿನ್ನನ್ನೇ ಸಂದೇಹಿಸುತ್ತೇನೆ. ಖಚಿತಪಡಿಸಿಕೊಳ್ಳಲು 100 ಕಿಲೋ ಓಮ್ ರೆಸಿಸ್ಟರಿನ ಒಂದು ತುದಿಯನ್ನು ಪಿನ್ನಿಗೆ ತಾಗಿಸಿ, ಇನ್ನೊಂದನ್ನು ಒಮ್ಮೆ ಧನ ಹಳಿಗೆ, ಒಮ್ಮೆ ಗ್ರೌಂಡಿಗೆ ಮುಟ್ಟಿಸಿ ವೋಲ್ಟೇಜ್ ನೋಡಬೇಕು. ಅದು ಎರಡೂ ಕಡೆ ಹಿಂಬಾಲಿಸಿದರೆ ಪಿನ್ನು ತೇಲುತ್ತಿದೆ. ಗೇಟಿನ ಔಟ್‌ಪುಟ್ಟೊಂದು ಅದನ್ನು ಹಿಡಿದಿದ್ದರೆ ಹೆಚ್ಚುಕಡಿಮೆ ಅಲುಗುವುದಿಲ್ಲ.

ಸಿಮಾಸ್ ಐಸಿಯಲ್ಲಿ ಬಳಸದೇ ಉಳಿದ ಗೇಟುಗಳ ಇನ್‌ಪುಟ್ಟುಗಳನ್ನೂ ಬಿಡಬಾರದು. ತೇಲುವ ಪಿನ್ನು ನಡುವಿನ ವೋಲ್ಟೇಜಿಗೆ ಬಂದರೆ ಒಳಗಿನ ಎರಡೂ ಟ್ರಾನ್ಸಿಸ್ಟರುಗಳು ಒಟ್ಟಿಗೆ ತೆರೆದು, ಹಳಿಯಿಂದ ಗ್ರೌಂಡಿಗೆ ಕರೆಂಟ್ ಸುಮ್ಮನೆ ಹರಿಯುತ್ತದೆ. ಅವನ್ನು ಗ್ರೌಂಡಿಗೋ ಧನ ಹಳಿಗೋ ನೇರವಾಗಿ ಕಟ್ಟಬಹುದು. ಔಟ್‌ಪುಟ್ಟುಗಳನ್ನು ಮಾತ್ರ ಯಾವುದಕ್ಕೂ ಕಟ್ಟದೆ ಬಿಡಬೇಕು. ಗುಂಡಿ ಒತ್ತಿದಾಗ ಬದಲಾಗಬೇಕಾದ ಪಿನ್ನಿಗೆ ರೆಸಿಸ್ಟರ್ ಬೇಕು. ಟಿಟಿಎಲ್‌ನಲ್ಲಿ ಸೋತ ಆ 10 ಕಿಲೋ ಓಮ್ ಇಲ್ಲಿ ಧಾರಾಳವಾಗಿ ಸಾಕು.

ಇಷ್ಟೆಲ್ಲ ಕಟ್ಟಿದ ಮೇಲೂ ಪಿನ್ನು ತೇಲಿದಂತೆ ವರ್ತಿಸಿದರೆ ಹಳಿಯನ್ನೇ ಪರೀಕ್ಷಿಸಬೇಕು, ಏಕೆಂದರೆ ಹಲವು ಬ್ರೆಡ್‌ಬೋರ್ಡುಗಳಲ್ಲಿ ಉದ್ದದ ವಿದ್ಯುತ್ ಹಳಿ ನಡುವೆ ತುಂಡಾಗಿರುತ್ತದೆ ಮತ್ತು ಆಚೆಯ ಅರ್ಧಕ್ಕೆ ಕಟ್ಟಿದ ಪಿನ್ನು ಕಣ್ಣಿಗೆ ಗ್ರೌಂಡಿನಲ್ಲಿದ್ದರೂ ನಿಜದಲ್ಲಿ ಎಲ್ಲಿಯೂ ಇರುವುದಿಲ್ಲ. ಕೈ ಹತ್ತಿರ ತಂದಾಗ ಏನೂ ಬದಲಾಗದೆ, ಎಲ್‌ಇಡಿ ಹೊತ್ತುವ ಕ್ಷಣದಲ್ಲಿ ಮಾತ್ರ ಎಣಿಕೆ ತಪ್ಪುತ್ತಿದ್ದರೆ ಕಾರಣ ಬೇರೆಡೆ ಇದೆ. ಆಗ ಐಸಿಯ ವಿದ್ಯುತ್ ಪಿನ್ನುಗಳ ನಡುವೆ 0.1 ಮೈಕ್ರೋ ಫ್ಯಾರಡ್ ಕೆಪಾಸಿಟರ್ ಇದೆಯೇ ಎಂದು ನೋಡಬೇಕು.