ಅರ್ಧ ಮೂಟೆ ಎಲ್ಲಿಂದ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಬೋರ್ಡ್ ಮೇಲೆ ಒಂದು ಪುಟ್ಟ ಲೆಕ್ಕ ಬರೆದಿದ್ದೇನೆ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಎರಡು ಗೋದಾಮು ಇವೆ. ಹಳೇದರಲ್ಲಿ 30 ಮೂಟೆ ಅಕ್ಕಿ, ಹೊಸದರಲ್ಲಿ 40 ಮೂಟೆ. ಅಂಗಡಿಗಳು ಮೂರು: ಪೇಟೆಗೆ 20 ಮೂಟೆ ಬೇಕು, ಕೋಟೆಗೆ 25, ಸ್ಟೇಷನ್‌ಗೆ 25. ಹಳೇ ಗೋದಾಮಿನಿಂದ ಒಂದು ಮೂಟೆ ಸಾಗಿಸಲು ಪೇಟೆಗೆ 4 ರೂಪಾಯಿ, ಕೋಟೆಗೆ 6, ಸ್ಟೇಷನ್‌ಗೆ 9. ಹೊಸದರಿಂದ ಕ್ರಮವಾಗಿ 5, 3, 4. ಒಟ್ಟು ಬಾಡಿಗೆ ಆದಷ್ಟು ಕಮ್ಮಿ ಆಗಬೇಕು.

ಇದನ್ನು ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕವಾಗಿ ಬರೆದು, ಅಂಥ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನಕ್ಕೆ ಕೊಡಿ. ಮೂಟೆ ಪೂರ್ತಿ ಇರಬೇಕು, ಅರ್ಧ ಮಾಡಬಾರದು ಅಂತ ಎಲ್ಲೂ ಹೇಳಬೇಡಿ. ಆದರೂ ಉತ್ತರ ಹೀಗೆ ಬರುತ್ತದೆ: ಹಳೇದರಿಂದ ಪೇಟೆಗೆ 20, ಕೋಟೆಗೆ 10, ಹೊಸದರಿಂದ ಕೋಟೆಗೆ 15, ಸ್ಟೇಷನ್‌ಗೆ 25. ಬಾಡಿಗೆ 285 ರೂಪಾಯಿ. ಎಲ್ಲವೂ ಪೂರ್ಣಾಂಕ. ನಾವು ಕೇಳಿರಲೇ ಇಲ್ಲ, ಅಲ್ವಾ? ಮತ್ತೆ ಯಾಕೆ ಬಂತು?

ಸಾಮಾನ್ಯವಾಗಿ ಪೂರ್ಣಾಂಕವೇ ಬೇಕು ಅಂದರೆ ಸಾಲ್ವರ್, ಅಂದರೆ ಲೆಕ್ಕ ಬಿಡಿಸುವ ಸಾಫ್ಟ್‌ವೇರ್, ಬ್ರಾಂಚಿಂಗ್ ಮಾಡಬೇಕಾಗುತ್ತದೆ. 19.5 ಬಂದರೆ ಲೆಕ್ಕವನ್ನು ಎರಡಾಗಿ ಕವಲೊಡೆಯುತ್ತದೆ. ಒಂದು ಕವಲಲ್ಲಿ 19 ಅಥವಾ ಕಮ್ಮಿ, ಇನ್ನೊಂದರಲ್ಲಿ 20 ಅಥವಾ ಜಾಸ್ತಿ. ಇಲ್ಲಿ ಅದೇನೂ ಬೇಕಾಗಲಿಲ್ಲ.

ಒಂದು ಸರಳ ಪ್ರಶ್ನೆಯಿಂದ ಶುರು ಮಾಡೋಣ. ಪೂರ್ಣಾಂಕಗಳನ್ನು ಮಾತ್ರ ಕೊಟ್ಟ ಲೆಕ್ಕದಲ್ಲಿ ಭಿನ್ನರಾಶಿ ಎಲ್ಲಿಂದ ಹುಟ್ಟುತ್ತದೆ? ಕೂಡಿದರೆ ಹುಟ್ಟಲ್ಲ. ಕಳೆದರೆ ಹುಟ್ಟಲ್ಲ. ಭಾಗಿಸಿದಾಗ ಮಾತ್ರ ಹುಟ್ಟುತ್ತದೆ.

ಈಗ ನಮ್ಮ ಉತ್ತರ ನೋಡಿ. ಬಳಕೆಯಲ್ಲಿರುವ ದಾರಿಗಳು ನಾಲ್ಕೇ: ಹಳೇ–ಪೇಟೆ, ಹಳೇ–ಕೋಟೆ, ಹೊಸ–ಕೋಟೆ, ಹೊಸ–ಸ್ಟೇಷನ್. ಈ ಚಿತ್ರದಲ್ಲಿ ಸುತ್ತು ಎಲ್ಲೂ ಇಲ್ಲ, ಇದು ಒಂದು ಮರ. ಮರ ಅಂದ ಮೇಲೆ ತುದಿಯಲ್ಲಿ ಎಲೆ ಇದ್ದೇ ಇರುತ್ತದೆ. ಪೇಟೆ ಒಂದು ಎಲೆ, ಅದಕ್ಕೆ ಬರುವ ದಾರಿ ಒಂದೇ. ಹಾಗಾಗಿ 20 ಮೂಟೆಯೂ ಅದರ ಮೇಲೇ ಬರಬೇಕು. ಹಳೇ ಗೋದಾಮಿನಲ್ಲಿ ಉಳಿದದ್ದು 30 ಕಳೆ 20, ಅಂದರೆ 10. ಅದು ಕೋಟೆಗೆ. ಕೋಟೆಗೆ ಇನ್ನೂ ಬೇಕಾದ್ದು 25 ಕಳೆ 10, 15. ಅದು ಹೊಸ ಗೋದಾಮಿನಿಂದ. ಅಲ್ಲಿ ಉಳಿದ 25 ಸ್ಟೇಷನ್‌ಗೆ. ಬರೀ ಕಳೆಯುವ ಲೆಕ್ಕ! ಎಲೆ ಎಲೆಯಾಗಿ ಬಿಡಿಸುತ್ತಾ ಹೋದೆವು, ಭಾಗಾಕಾರ ಬರಲೇ ಇಲ್ಲ. ಸಾಧ್ಯವಿರುವ ಉತ್ತರಗಳನ್ನೆಲ್ಲ ಒಂದು ಆಕೃತಿಯಾಗಿ ನೋಡಿದರೆ, ಸಿಂಪ್ಲೆಕ್ಸ್ ನಿಲ್ಲುವುದು ಅದರ ಮೂಲೆಗಳಲ್ಲಿ. ಪ್ರತಿ ಮೂಲೆಯೂ ಇಂಥದ್ದೇ ಒಂದು ಮರ.

ಸುತ್ತು ಯಾಕೆ ಉಳಿಯಲ್ಲ? ಒಂದು ಅರ್ಧ ಮೂಟೆಯ ಉತ್ತರವನ್ನು ಬೇಕಂತಲೇ ಇಡುತ್ತೇನೆ. ಹಳೇದರಿಂದ ಪೇಟೆಗೆ 19.5, ಕೋಟೆಗೆ 10.5. ಹೊಸದರಿಂದ ಪೇಟೆಗೆ 0.5, ಕೋಟೆಗೆ 14.5, ಸ್ಟೇಷನ್‌ಗೆ 25. ಕೂಡಿ ನೋಡಿ, ಎಲ್ಲ ಸರಿ ಹೋಗುತ್ತದೆ. ಬಾಡಿಗೆ 287. ಪೇಟೆಗೆ ಒಂದು ದಾರಿಯಲ್ಲಿ ಅರ್ಧ ಬಂದಿದೆ. ಒಟ್ಟು ಪೂರ್ಣಾಂಕ ಆಗಬೇಕಲ್ಲ, ಹಾಗಾಗಿ ಇನ್ನೊಂದು ದಾರಿಯಲ್ಲೂ ಅರ್ಧ ಇರಲೇಬೇಕು. ಆ ದಾರಿ ಹಿಡಿದು ಗೋದಾಮಿಗೆ ಹೋದರೆ ಅಲ್ಲೂ ಜೊತೆಗೊಂದು ಅರ್ಧ. ಹೀಗೆ ಅರ್ಧಗಳ ಹಿಂದೆ ನಡೆಯುತ್ತಾ ಹೋದರೆ ಎಲ್ಲೂ ನಿಲ್ಲುವ ಹಾಗಿಲ್ಲ. ಗೋದಾಮು, ಅಂಗಡಿ ಇರುವುದು ಇಷ್ಟೇ ಆದ್ದರಿಂದ ಕೊನೆಗೆ ಒಂದು ಸುತ್ತು ಮುಚ್ಚಿಕೊಳ್ಳುತ್ತದೆ.

ಈ ಸುತ್ತಿನ ಮೇಲೆ ಅರ್ಧ ಮೂಟೆ ತಿರುಗಿಸಿ. ಹಳೇ–ಪೇಟೆಗೆ ಕೂಡಿ, ಹೊಸ–ಪೇಟೆಯಿಂದ ಕಳೆಯಿರಿ, ಹೊಸ–ಕೋಟೆಗೆ ಕೂಡಿ, ಹಳೇ–ಕೋಟೆಯಿಂದ ಕಳೆಯಿರಿ. ಯಾವ ಅಂಗಡಿಗೂ ಯಾವ ಗೋದಾಮಿಗೂ ಏನೂ ವ್ಯತ್ಯಾಸ ಆಗಲ್ಲ. ಬಾಡಿಗೆ ಮಾತ್ರ ಒಂದು ಮೂಟೆಗೆ 4 − 5 + 3 − 6, ಅಂದರೆ 4 ರೂಪಾಯಿ ಇಳಿಯುತ್ತದೆ. ಅರ್ಧ ಮೂಟೆಗೆ 2 ರೂಪಾಯಿ. 287 ಇದ್ದದ್ದು 285 ಆಯಿತು, ಅರ್ಧಗಳೆಲ್ಲ ಮಾಯ! ಒಂದು ದಿಕ್ಕಿನಲ್ಲಿ ಬಾಡಿಗೆ ಏರಿದರೆ ಇನ್ನೊಂದು ದಿಕ್ಕಿನಲ್ಲಿ ಅಷ್ಟೇ ಇಳಿಯುತ್ತದೆ. ಎರಡೂ ಸಮ ಆಗಿದ್ದರೆ ಯಾವ ಕಡೆಗಾದರೂ ತಿರುಗಿಸಿ, ನಷ್ಟವಿಲ್ಲ. ಈ ವಾದ ನನಗೆ ಬಹಳ ಇಷ್ಟ. ಪೆನ್ಸಿಲ್ ಹಿಡಿದು ಯಾರು ಬೇಕಾದರೂ ಮಾಡಿ ನೋಡಬಹುದು.

ಇದನ್ನೇ ಮ್ಯಾಟ್ರಿಕ್ಸ್ ಭಾಷೆಯಲ್ಲಿ ಹೇಳಿದರೆ ಟೋಟಲ್ ಯೂನಿಮಾಡ್ಯುಲಾರಿಟಿ. ಮ್ಯಾಟ್ರಿಕ್ಸ್‌ನಿಂದ ಯಾವ ಚೌಕ ತುಂಡು ಕತ್ತರಿಸಿ ತೆಗೆದರೂ ಅದರ ಡಿಟರ್ಮಿನಂಟ್ 0, 1 ಅಥವಾ −1 ಆಗಿರಬೇಕು, ಅಷ್ಟೇ. ಸಮೀಕರಣ ಬಿಡಿಸುವಾಗ ನಾವು ಕೊನೆಗೆ ಭಾಗಿಸುವುದು ಈ ಡಿಟರ್ಮಿನಂಟ್‌ನಿಂದಲೇ. 1 ಅಥವಾ −1ರಿಂದ ಭಾಗಿಸಿದರೆ ಭಿನ್ನರಾಶಿ ಹುಟ್ಟಲ್ಲ.

ಗೋದಾಮು, ಅಂಗಡಿ, ದಾರಿಗಳ ಇಂಥ ನೆಟ್‌ವರ್ಕ್‌ಗೆ ಈ ಗುಣ ಯಾಕಿದೆ? ಅದರ ಮ್ಯಾಟ್ರಿಕ್ಸ್‌ನಲ್ಲಿ ಪ್ರತಿ ಜಾಗಕ್ಕೂ ಒಂದು ಅಡ್ಡಸಾಲು, ಪ್ರತಿ ದಾರಿಗೂ ಒಂದು ಕಂಬಸಾಲು: ಹೊರಡುವ ಜಾಗದಲ್ಲಿ +1, ಸೇರುವ ಜಾಗದಲ್ಲಿ −1, ಉಳಿದಲ್ಲೆಲ್ಲ 0. ಒಂದು ಚೌಕ ತುಂಡು ತೆಗೆಯಿರಿ. ಅದರಲ್ಲಿ ಪೂರ್ತಿ ಸೊನ್ನೆಯ ಕಂಬಸಾಲು ಇದ್ದರೆ ಡಿಟರ್ಮಿನಂಟ್ 0. ಒಂದೇ ಅಂಕಿ ಇರುವ ಕಂಬಸಾಲು ಇದ್ದರೆ ಅದರ ಮೂಲಕ ಬಿಡಿಸಿ, ಇನ್ನೂ ಚಿಕ್ಕ ತುಂಡು ಸಿಗುತ್ತದೆ. ಮರದ ಎಲೆ ಬಿಡಿಸಿದ ಹಾಗೇ ಇದು. ಎಲ್ಲ ಕಂಬಸಾಲಲ್ಲೂ ಎರಡೆರಡು ಅಂಕಿ ಉಳಿದಿದ್ದರೆ ಅಡ್ಡಸಾಲುಗಳನ್ನೆಲ್ಲ ಕೂಡಿ. +1, −1 ಹೊಡೆದುಹೋಗಿ ಸೊನ್ನೆ. ಅಲ್ಲಿಗೆ ಡಿಟರ್ಮಿನಂಟ್ 0.

ಹಾಫ್‌ಮನ್ ಮತ್ತು ಕ್ರುಸ್ಕಲ್ 1956ರಲ್ಲಿ ಈ ಗುಣದ ಪೂರ್ತಿ ಬೆಲೆಯನ್ನು ತೋರಿಸಿದರು. ಮ್ಯಾಟ್ರಿಕ್ಸ್ ಹೀಗಿದ್ದರೆ, ಸಮೀಕರಣಗಳ ಬಲಗಡೆ, ಅಂದರೆ ದಾಸ್ತಾನು, ಬೇಡಿಕೆಗಳ ಜಾಗದಲ್ಲಿ, ಯಾವ ಪೂರ್ಣಾಂಕ ಇಟ್ಟರೂ ಪ್ರತಿ ಮೂಲೆಯೂ ಪೂರ್ಣಾಂಕವೇ. ಬಾಡಿಗೆ 4.75 ಇರಲಿ, 3.2 ಇರಲಿ, ತೊಂದರೆಯಿಲ್ಲ. ದಾಸ್ತಾನು ಮಾತ್ರ 30.5 ಇರಬಾರದು.

ಮೂಲೆ ಅನ್ನುವ ಮಾತನ್ನು ಗಮನಿಸಿ. ಒಂದೇ ಬಾಡಿಗೆಯ ಉತ್ತರಗಳು ಹಲವು ಇದ್ದಾಗ ಆಕೃತಿಯ ಒಳಗಿನಿಂದ ಸಾಗುವ ಇಂಟೀರಿಯರ್ ಪಾಯಿಂಟ್ ವಿಧಾನ ಅವುಗಳ ನಡುವೆ ಎಲ್ಲೋ ನಿಲ್ಲುತ್ತದೆ, ಮೂಲೆಗೆ ಬರಲ್ಲ. ಆ ಉತ್ತರವನ್ನು ಕೊನೆಗೆ ಮೂಲೆಗೆ ತರುವ ಕ್ರಾಸ್‌ಓವರ್ ಆಫ್ ಮಾಡಿದ್ದರೆ ನೆಟ್‌ವರ್ಕ್ ಲೆಕ್ಕದಲ್ಲೂ 12.37 ಮೂಟೆ ಅಂತ ಕಾಣಬಹುದು. ಆಗ ಮಾಡೆಲ್ ಮೇಲೆ ಸಂಶಯ ಪಡಬೇಡಿ, ಆ ಸೆಟ್ಟಿಂಗ್ ನೋಡಿ.

ಈಗ ಲೆಕ್ಕ ಕೆಡುವುದನ್ನು ನೋಡೋಣ. ಹಳೇ–ಪೇಟೆ ದಾರಿ, ಹೊಸ–ಕೋಟೆ ದಾರಿ, ಎರಡೂ ಒಂದೇ ಸೇತುವೆ ಮೇಲೆ ಹೋಗುತ್ತವೆ ಅಂದುಕೊಳ್ಳಿ. ಸೇತುವೆ ಮೇಲೆ ಒಟ್ಟು 34 ಮೂಟೆ ಮಾತ್ರ ಹೋಗಬಹುದು. ನಮ್ಮ ಹಳೆಯ ಉತ್ತರದಲ್ಲಿ 20 ಕೂಡಿಸು 15, ಅಂದರೆ 35 ಆಗುತ್ತದೆ. ಒಂದು ಮೂಟೆ ಜಾಸ್ತಿ. ಈ ಒಂದು ಸಾಲನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿದರೆ ಏನು ಬರುತ್ತದೆ ಗೊತ್ತಾ? ಈಗ ತಾನೇ ನಾವು ಓಡಿಸಿದ ಆ 19.5, 10.5, 0.5, 14.5ರ ಉತ್ತರವೇ! ಬಾಡಿಗೆ 287.

ಕಾರಣ ಆ ಸುತ್ತಿನಲ್ಲೇ ಇದೆ. ಅದರ ಮೇಲೆ ಒಂದು ಮೂಟೆ ತಿರುಗಿಸಿದಾಗ ಸೇತುವೆಯ ಎರಡೂ ದಾರಿ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಸೇತುವೆಯ ಲೆಕ್ಕದಲ್ಲಿ ಅದು ಎರಡು. ಒಂದು ಮೂಟೆ ಇಳಿಸಬೇಕಾದರೆ ಸುತ್ತಿನ ಮೇಲೆ ಅರ್ಧ ಮೂಟೆ ತಿರುಗಿಸಿದರೆ ಸಾಕು. ಡಿಟರ್ಮಿನಂಟ್ 2 ಆಯಿತು, ಭಾಗಾಕಾರ ಬಂದುಬಿಟ್ಟಿತು. ಇಲ್ಲಿ ಬ್ರಾಂಚಿಂಗ್ ಮಾಡಲೇಬೇಕು. ಹಳೇ–ಪೇಟೆ 20 ಅಂದರೆ ಸೇತುವೆಯ ಮಿತಿ ಮೀರುತ್ತದೆ. 19 ಅಂದರೆ 289 ರೂಪಾಯಿ, ಅದೇ ನಿಜವಾದ ಉತ್ತರ. ಮಿತಿ 33 ಆಗಿದ್ದರೆ ನೇರವಾಗಿ 19 ಬಂದುಬಿಡುತ್ತಿತ್ತು. ಅದು ಅದೃಷ್ಟ ಅಷ್ಟೇ, ಅದನ್ನು ನಂಬಿ ಮಾಡೆಲ್ ಕಟ್ಟುವ ಹಾಗಿಲ್ಲ.

ಒಂದೇ ದಾರಿಗೆ ಮಿತಿ ಹಾಕಿದರೆ ಏನೂ ಕೆಡಲ್ಲ. ಸೇತುವೆಯಂಥ ಒಂದು ಹೊಸ ಸಾಲು ಸೇರಿಸುವಾಗ ನಾನು ಮಾಡುವುದು ಇಷ್ಟು: ನೆಟ್‌ವರ್ಕ್‌ನ ಸುತ್ತುಗಳ ಮೇಲೆ ಒಂದೊಂದು ಮೂಟೆ ತಿರುಗಿಸಿ, ಆ ಸಾಲಿನ ಮೊತ್ತ ಎಷ್ಟು ಬದಲಾಯಿತು ಅಂತ ನೋಡುತ್ತೇನೆ. ಪ್ರತಿ ಸುತ್ತಿನಲ್ಲೂ 0, 1, −1 ಬಂದರೆ ಬ್ರಾಂಚಿಂಗ್ ಬೇಡ. ಎಲ್ಲಾದರೂ 2 ಕಂಡರೆ ಅರ್ಧ ಮೂಟೆ ಬರಬಹುದಾದ ಜಾಗ ಅದೇ. ಎರಡು ಸಾಲು ಒಟ್ಟಿಗೆ ಸೇರಿಸುವುದಾದರೆ ಬಿಡಿಬಿಡಿಯಾಗಿ ಪರೀಕ್ಷಿಸಿದ್ದು ಸಾಲದು, ಎರಡೂ ಸಾಲಿರುವ ಚೌಕ ತುಂಡುಗಳ ಡಿಟರ್ಮಿನಂಟನ್ನೇ ನೋಡಬೇಕಾಗುತ್ತದೆ.